ಖಾಲಿ ಸಭಾಂಗಣ, ಗುಂಯ್‌ಗುಡುವ ಉಪನ್ಯಾಸ

ದೊಡ್ಡ ಖಾಲಿ ಸಭಾಂಗಣದಲ್ಲಿ ಆಡಿದ ಮಾತು ಮೈಕನ್ನು ಒಂದೇ ಸಲ ತಲುಪುವುದಿಲ್ಲ. ಬಾಯಿಂದ ಹೊರಟ ದನಿ ಮೊದಲು ನೇರವಾಗಿ ಬಂದು ಸೇರುತ್ತದೆ. ಅದರ ಬೆನ್ನಿಗೇ ನೆಲಕ್ಕೆ, ಗೋಡೆಗೆ, ತಾರಸಿಗೆ ಬಡಿದ ಅದೇ ದನಿ ಬೇರೆ ಬೇರೆ ದಾರಿಗಳಲ್ಲಿ ತಡವಾಗಿ ಬರುತ್ತದೆ. ಹಾಗೆ ಬಂದದ್ದು ಇನ್ನೊಂದು ಗೋಡೆಗೆ ಬಡಿದು ಮತ್ತೆ ಬರುತ್ತದೆ. ಪ್ರತಿ ಬಡಿತದಲ್ಲೂ ಅದರ ಶಕ್ತಿ ಸ್ವಲ್ಪಸ್ವಲ್ಪವೇ ಕರಗುತ್ತದೆ. ಹೀಗೆ ಎಣಿಸಲಾಗದಷ್ಟು ಮರಳುದನಿಗಳು ಒಂದರೊಳಗೊಂದು ಬೆರೆತು, ಮಾತು ನಿಂತ ಮೇಲೂ ಉಳಿಯುವ ಗುಂಯ್‌ಗುಡುವಿಕೆಯೇ ಅನುರಣನ.

ಪ್ರತಿಧ್ವನಿ ಇದಕ್ಕಿಂತ ಬೇರೆ. ಮರಳಿ ಬಂದ ಒಂದು ದನಿ ಗುಂಪಿನಲ್ಲಿ ಬೆರೆಯದೆ ಪ್ರತ್ಯೇಕವಾಗಿ ಕೇಳಿಸಿದರೆ ಅದು ಪ್ರತಿಧ್ವನಿ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ಮತ್ತೆ ಮತ್ತೆ ಕೇಳಿಸುವುದು ಈ ಬಗೆಯದು. ಮರಳುದನಿ ಎಷ್ಟು ತಡವಾದರೆ ಕಿವಿಗೆ ತೊಂದರೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಪ್ರಯೋಗಗಳಿಂದ ತೋರಿಸಿದರು. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಬಂದ ಮರಳುದನಿಯನ್ನು ಕಿವಿ ಮೂಲ ಮಾತಿಗೇ ಸೇರಿಸಿಕೊಳ್ಳುತ್ತದೆ. ಅದಕ್ಕಿಂತ ಬಹಳ ತಡವಾದದ್ದು ಮಾತನ್ನು ಕೆಡಿಸುತ್ತದೆ. ಅಷ್ಟು ಸಮಯದಲ್ಲಿ ಶಬ್ದ ಸುಮಾರು 17 ಮೀಟರ್ ಸಾಗುತ್ತದೆ. ಆದ್ದರಿಂದ ಮನೆಯ ಕೋಣೆಯಲ್ಲಿ ಪ್ರತಿಧ್ವನಿ ಕೇಳಿಸುವುದಿಲ್ಲ, ಸಭಾಂಗಣದ ಹಿಂಗೋಡೆಯಿಂದ ಕೇಳಿಸುತ್ತದೆ. ಆಡುಮಾತಿನಲ್ಲಿ ಎರಡಕ್ಕೂ ‘ಎಕೋ ಹೊಡೀತಿದೆ’ ಎನ್ನುತ್ತಾರೆ. ಉಪನ್ಯಾಸದ ಧ್ವನಿಮುದ್ರಣವನ್ನು ಹೆಚ್ಚಾಗಿ ಹಾಳುಮಾಡುವುದು ಅನುರಣನವೇ.

ಈ ಗುಂಯ್‌ಗುಡುವಿಕೆಯನ್ನು ಫ್ಯಾನಿನ ಸದ್ದಿನಂಥ ಗದ್ದಲವೆಂದು ಭಾವಿಸುವುದರಿಂದಲೇ ಬಹಳಷ್ಟು ತಪ್ಪುಗಳು ಹುಟ್ಟುತ್ತವೆ. ಫ್ಯಾನಿನ ಸದ್ದು ಮಾತಿಗಿಂತ ಬೇರೆ ಜಾತಿಯದು, ಸದಾ ಒಂದೇ ಹದದಲ್ಲಿರುತ್ತದೆ. ಅದರ ಸ್ವರೂಪವನ್ನು ಗುರುತಿಸಿ ಮಾತಿನಿಂದ ಕಳೆಯಲು ಸಾಫ್ಟ್‌ವೇರ್‌ಗೆ ಬರುತ್ತದೆ. ಅನುರಣನ ಹಾಗಲ್ಲ, ಅದು ಉಪನ್ಯಾಸಕರ ದನಿಯೇ. ಈಗ ಆಡುತ್ತಿರುವ ಅಕ್ಷರದ ಮೇಲೆ ಹಿಂದಿನ ಅಕ್ಷರಗಳು ಅದೇ ಕಂಠದಲ್ಲಿ, ಅದೇ ಸ್ವರದಲ್ಲಿ ಕುಳಿತಿರುತ್ತವೆ. ಸ್ವರಗಳು ಬಲವಾದವು, ವ್ಯಂಜನಗಳು ದುರ್ಬಲವಾದವು. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಹಾಕುತ್ತದೆ. ಕನ್ನಡದಲ್ಲಿ ಇದರ ಪೆಟ್ಟು ಒತ್ತಕ್ಷರಗಳ ಮೇಲೆ ಬೀಳುತ್ತದೆ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ಬಹುಪಾಲು ತಕಾರದ ಮುಂಚಿನ ಒಂದು ಚಿಕ್ಕ ಮೌನದ ಅಳತೆಯಲ್ಲಿದೆ. ಗುಂಯ್‌ಗುಡುವ ಸಭಾಂಗಣದಲ್ಲಿ ಆ ಮೌನವೇ ಉಳಿಯುವುದಿಲ್ಲ.

ಈ ವಿಷಯಕ್ಕೆ ಅಳತೆ ತಂದುಕೊಟ್ಟದ್ದು ಒಂದು ಉಪನ್ಯಾಸ ಮಂದಿರವೇ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ವಸ್ತುಸಂಗ್ರಹಾಲಯ ಹೊಸದಾಗಿ ತೆರೆದಾಗ, ಅದರ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ಭೌತಶಾಸ್ತ್ರದ ಯುವ ಅಧ್ಯಾಪಕ ವಾಲೆಸ್ ಸಬೈನ್ ಅವರ ಪಾಲಿಗೆ ಬಂತು. ಅವರ ಬಳಿ ಇದ್ದ ಉಪಕರಣಗಳು ಒಂದು ಆರ್ಗನ್ ಕೊಳವೆ, ಸಮಯ ಗುರುತಿಸುವ ಸಾಧನ ಮತ್ತು ತಮ್ಮದೇ ಕಿವಿ. ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಸ್ವಲ್ಪಸ್ವಲ್ಪವೇ ಹಾಸುತ್ತ, ಕೊಳವೆಯ ಸದ್ದು ನಿಂತ ಮೇಲೆ ಎಷ್ಟು ಹೊತ್ತು ಕೇಳಿಸುತ್ತದೆಂದು ಅಳೆದರು. ಮೆತ್ತೆಗಳಿಲ್ಲದ ಮಂದಿರದಲ್ಲಿ ಅದು ಐದೂವರೆ ಸೆಕೆಂಡಿಗೂ ಹೆಚ್ಚು ಕೇಳಿಸುತ್ತಿತ್ತು. ಎಲ್ಲ ಮೆತ್ತೆಗಳನ್ನೂ ತುಂಬಿದಾಗ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಈ ಅಳತೆಗಳಿಂದ ಹೊರಟ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ:

```
T = 0.161 × V / A
```

ಇಲ್ಲಿ `T` ಎಂದರೆ ಅನುರಣನ ಕಾಲ, ಅಂದರೆ ಸದ್ದಿನ ಶಕ್ತಿ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಹಿಡಿಯುವ ಸೆಕೆಂಡುಗಳು. `V` ಎಂದರೆ ಸಭಾಂಗಣದ ಗಾತ್ರ, ಘನ ಮೀಟರುಗಳಲ್ಲಿ. `A` ಎಂದರೆ ಅಲ್ಲಿನ ಒಟ್ಟು ಹೀರುವಿಕೆ. ಸಬೈನ್ ಇದನ್ನು ತೆರೆದ ಕಿಟಕಿಯ ಲೆಕ್ಕದಲ್ಲಿ ಹೇಳಿದರು. ಒಂದು ಚದರ ಮೀಟರ್ ತೆರೆದ ಕಿಟಕಿಗೆ ಬಿದ್ದ ಸದ್ದೆಲ್ಲ ಹೊರಗೆ ಹೋಗುವುದರಿಂದ ಅದರ ಹೀರುವಿಕೆ ಒಂದು ಚದರ ಮೀಟರ್. ಗಿಲಾವು ಮಾಡಿದ ಗೋಡೆ, ಗ್ರಾನೈಟ್ ನೆಲ, ಆರ್‌ಸಿಸಿ ತಾರಸಿ ತಮ್ಮ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ ಕೆಲವೇ ಪಾಲು ಹೀರುತ್ತವೆ, ಉಳಿದದ್ದನ್ನು ವಾಪಸು ಕಳಿಸುತ್ತವೆ.

ಉದಾಹರಣೆಗೆ ಒಂದು ಕಾಲೇಜು ಸಭಾಂಗಣವನ್ನು ತೆಗೆದುಕೊಳ್ಳಬಹುದು. ಉದ್ದ 24 ಮೀಟರ್, ಅಗಲ 15, ಎತ್ತರ 8. ಗಾತ್ರ 2880 ಘನ ಮೀಟರ್. ಪ್ಲಾಸ್ಟಿಕ್ ಕುರ್ಚಿಗಳು, ವೇದಿಕೆಯ ಪರದೆ, ಬಾಗಿಲು ಕಿಟಕಿಗಳನ್ನೆಲ್ಲ ಸೇರಿಸಿ ಒಟ್ಟು ಹೀರುವಿಕೆ 116 ಚದರ ಮೀಟರ್ ಎಂದುಕೊಂಡರೆ ಅನುರಣನ ಕಾಲ 4 ಸೆಕೆಂಡಾಗುತ್ತದೆ. ಸಾಧಾರಣ ವೇಗದ ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಬರುತ್ತವೆ, ಒಂದು ಅಕ್ಷರದ ಬಾಲದ ಮೇಲೆ ಹಲವು ಅಕ್ಷರಗಳು ಹಾದುಹೋಗುತ್ತವೆ. ಇದೇ ಸಭಾಂಗಣದಲ್ಲಿ 250 ಜನ ಕುಳಿತರೆ ಸ್ಥಿತಿ ಬೇರೆ. ಬಟ್ಟೆ ತೊಟ್ಟು ಕುಳಿತ ಒಬ್ಬರು ಸುಮಾರು ಅರ್ಧ ಚದರ ಮೀಟರಿನಷ್ಟು ಹೀರುತ್ತಾರೆ, ತುಸು ಕಡಿಮೆಯೇ ಹಿಡಿದರೂ 112 ಚದರ ಮೀಟರ್ ಕೂಡುತ್ತದೆ. ಅನುರಣನ ಕಾಲ 2 ಸೆಕೆಂಡಿಗೆ ಇಳಿಯುತ್ತದೆ. ಸಮಾರಂಭದ ದಿನ ಸರಿಯಾಗಿಯೇ ಕೇಳಿಸಿದ ಸಭಾಂಗಣ, ಕ್ಯಾಮೆರಾ ಒಂದನ್ನೇ ಎದುರಿಗಿಟ್ಟು ಪಾಠ ಮುದ್ರಿಸುವ ದಿನ ಕೈಕೊಡುವುದು ಇದರಿಂದ.

ಹಾಗಾದರೆ ಸಭಾಂಗಣಕ್ಕೇ ಮದ್ದು ಮಾಡಬಹುದಲ್ಲವೇ ಎಂದು ಮೊದಲು ತೋಚುತ್ತದೆ. ಅರವತ್ತು ಚದರ ಮೀಟರ್ ಜಮಖಾನಗಳನ್ನು ತಂದು ಗೋಡೆಗಳಿಗೆ ಇಳಿಬಿಟ್ಟರು ಎನ್ನೋಣ. ಅವು ಬಿದ್ದ ಸದ್ದಿನಲ್ಲಿ ನೂರಕ್ಕೆ ನಲವತ್ತು ಪಾಲು ಹೀರಿದರೆ ಹೀರುವಿಕೆಗೆ ಕೂಡುವುದು 24 ಚದರ ಮೀಟರ್. ಅನುರಣನ ಕಾಲ 4ರಿಂದ 3.3 ಸೆಕೆಂಡಿಗೆ ಇಳಿಯುತ್ತದೆ, ಅಷ್ಟೇ. ಅಷ್ಟು ಹೊತ್ತು ತಂದ ಶ್ರಮಕ್ಕೆ ಧ್ವನಿಮುದ್ರಣದಲ್ಲಿ ಗುರುತಿಸುವುದೇ ಕಷ್ಟವಾದಷ್ಟು ಅಲ್ಪ ಫಲ. ಮೇಲಾಗಿ ತೆಳು ಬಟ್ಟೆ ಮೇಲುಸ್ವರಗಳನ್ನು ಮಾತ್ರ ಹೀರುತ್ತದೆ, ಗಂಡುದನಿಯ ಕೆಳಸ್ವರದ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ಮೊಟ್ಟೆಯ ಟ್ರೇ, ಥರ್ಮೋಕೋಲ್ ಹಲಗೆಗಳನ್ನು ಗೋಡೆಗೆ ಅಂಟಿಸುವ ರೂಢಿಯೂ ಇದೆ. ಟ್ರೇಯ ರಟ್ಟು ತೀರಾ ತೆಳು. ಥರ್ಮೋಕೋಲಿನ ರಂಧ್ರಗಳು ಮುಚ್ಚಿಕೊಂಡಿರುವುದರಿಂದ ಗಾಳಿ ಒಳಹೊಕ್ಕು ಸದ್ದು ಕರಗುವುದಕ್ಕೆ ದಾರಿಯಿಲ್ಲ. ಅವುಗಳ ಮೇಲೆ ಹಣ ಹಾಕಬಾರದು.

ಪರಿಹಾರ ಇರುವುದು ಮೈಕಿನ ದೂರದಲ್ಲಿ. ನೇರ ದನಿ ದೂರ ಹೋದಷ್ಟೂ ಬೇಗ ಕ್ಷೀಣಿಸುತ್ತದೆ, ದೂರ ಎರಡರಷ್ಟಾದರೆ ಅದರ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅನುರಣನ ಹಾಗಲ್ಲ. ಅದು ಸಭಾಂಗಣದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತದೆ. ಆದ್ದರಿಂದ ಮಾತನಾಡುವವರ ಬಾಯಿಂದ ಒಂದು ನಿರ್ದಿಷ್ಟ ದೂರದಲ್ಲಿ ಎರಡೂ ಸಮವಾಗುತ್ತವೆ. ಧ್ವನಿಶಾಸ್ತ್ರದಲ್ಲಿ ಇದನ್ನು ನಿರ್ಣಾಯಕ ದೂರ ಎನ್ನಬಹುದು. ಗಾತ್ರವನ್ನು ಅನುರಣನ ಕಾಲದಿಂದ ಭಾಗಿಸಿ, ಬಂದದ್ದರ ವರ್ಗಮೂಲವನ್ನು 0.057ರಿಂದ ಗುಣಿಸಿದರೆ ಅದು ಸಿಗುತ್ತದೆ. ಮೇಲಿನ ಸಭಾಂಗಣದಲ್ಲಿ ಅದು ಸುಮಾರು ಒಂದೂವರೆ ಮೀಟರ್. ಮನುಷ್ಯನ ದನಿ ಮುಂದಕ್ಕೆ ತುಸು ಹೆಚ್ಚು ಹೊಮ್ಮುವುದರಿಂದ ಎದುರಿಗಿರುವ ಮೈಕಿಗೆ ಇನ್ನಷ್ಟು ಅನುಕೂಲವಿದೆ, ಆದರೆ ಚಿತ್ರ ಬದಲಾಗುವಷ್ಟಲ್ಲ.

ಈ ಲೆಕ್ಕವನ್ನು ಎರಡು ಮೈಕುಗಳಿಗೆ ಹಚ್ಚಿ ನೋಡಿದರೆ ವಿಷಯ ನಿಚ್ಚಳವಾಗುತ್ತದೆ. ಸಭಾಂಗಣದ ನಡುವೆ, ಎಂಟು ಮೀಟರ್ ದೂರದಲ್ಲಿ ನಿಂತ ಕ್ಯಾಮೆರಾದ ಮೈಕಿಗೆ ಬರುವ ಅನುರಣನದ ಶಕ್ತಿ ನೇರ ದನಿಯ ಸುಮಾರು 27 ಪಟ್ಟು. ಉಪನ್ಯಾಸಕರ ಎದೆಯ ಮೇಲೆ, ಬಾಯಿಂದ 20 ಸೆಂಟಿಮೀಟರ್ ಕೆಳಗೆ ಸಿಕ್ಕಿಸಿದ ಕಾಲರ್ ಮೈಕಿನಲ್ಲಿ ಲೆಕ್ಕ ತಿರುವುಮುರುವಾಗಿ, ನೇರ ದನಿಯೇ ಅನುರಣನದ ಐವತ್ತು ಪಟ್ಟಿಗೂ ಹೆಚ್ಚು. ಸಭಾಂಗಣ ಅದೇ, ಮಾತು ಅದೇ, ಬದಲಾದದ್ದು ದೂರವೊಂದೇ. ಹಿಂಗೋಡೆಯ ಪ್ರತಿಧ್ವನಿಯೂ ಹೀಗೆಯೇ ಕ್ಷೀಣಿಸುತ್ತದೆ. ಕಾಲರ್ ಮೈಕಿನ ಪಾಲಿಗೆ ಅದು 44 ಮೀಟರ್ ಸುತ್ತಿ ಬಂದ ದನಿ, ಎದುರಿಗೆ ಇರುವುದು ಗೇಣುದೂರದ ಬಾಯಿ. ಅರವತ್ತು ಚದರ ಮೀಟರ್ ಜಮಖಾನ ಮಾಡದ ಕೆಲಸವನ್ನು ಕೆಲವು ನೂರು ರೂಪಾಯಿಯ ತಂತಿಯ ಕಾಲರ್ ಮೈಕ್ ಮಾಡುತ್ತದೆ. ಅದನ್ನು ಉಪನ್ಯಾಸಕರ ಜೇಬಿನ ಫೋನಿಗೇ ಜೋಡಿಸಿ ಮುದ್ರಿಸಿಕೊಂಡು, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿಸಿದರೆ ಸಾಕು. ಆ ಚಪ್ಪಾಳೆಯ ಗುರುತನ್ನು ಹಿಡಿದು ಕ್ಯಾಮೆರಾದ ಚಿತ್ರಕ್ಕೆ ಈ ಧ್ವನಿಯನ್ನು ಆಮೇಲೆ ಹೊಂದಿಸಬಹುದು.

ದುಬಾರಿ ಉದ್ದನೆಯ ಗನ್ ಮೈಕನ್ನು ಕ್ಯಾಮೆರಾದ ಮೇಲೆ ಕೂರಿಸಿದರೆ ದೂರದ ಮಾತೂ ಹತ್ತಿರವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಒಂದೇ ದಿಕ್ಕಿಗೆ ಹೆಚ್ಚು ಕಿವಿಗೊಡುವ ಮೈಕು, ಎಲ್ಲ ದಿಕ್ಕಿನಿಂದ ಕೇಳುವ ಮೈಕಿಗಿಂತ ಕಡಿಮೆ ಅನುರಣನ ಹಿಡಿಯುತ್ತದೆ ಎಂಬುದು ನಿಜ. ಸಾಮಾನ್ಯವಾದ ಕಾರ್ಡಿಯಾಯ್ಡ್ ಮೈಕು ಮೂರನೇ ಒಂದು ಪಾಲನ್ನಷ್ಟೇ ಹಿಡಿಯುತ್ತದೆ. ಅದರ ಅರ್ಥ, ಅಷ್ಟೇ ಶುದ್ಧಿಯನ್ನು ಉಳಿಸಿಕೊಂಡು ಅದನ್ನು ಸುಮಾರು 1.7 ಪಟ್ಟು ದೂರ ಇಡಬಹುದು ಎಂದು. ಇಪ್ಪತ್ತು ಸೆಂಟಿಮೀಟರ್ ಮೂವತ್ತೈದಾಗಬಹುದು, ಎಂಟು ಮೀಟರ್ ಆಗದು. ಅನುರಣನ ಎಲ್ಲ ದಿಕ್ಕಿನಿಂದಲೂ ಬರುವಾಗ ಮೈಕು ಮುಖ ಮಾಡಿದ ದಿಕ್ಕಿನಿಂದಲೂ ಬರುತ್ತದಲ್ಲ.

ಮೈಕು ಹತ್ತಿರವಾದ ಮೇಲೆ ನೋಡಿಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ಮೊದಲನೆಯದು ಸಭಾಂಗಣದ ಸ್ಪೀಕರುಗಳು. ಕೇಳುವವರಿಲ್ಲದ ಕಡೆ ಅವುಗಳಿಗೆ ಕೆಲಸವಿಲ್ಲ. ಅವು ಉಪನ್ಯಾಸಕರ ದನಿಯನ್ನು ಹತ್ತಾರು ಪಟ್ಟು ಹೆಚ್ಚಿಸಿ ಇಡೀ ಸಭಾಂಗಣವನ್ನು ತುಂಬಿಸುತ್ತವೆ, ಆ ತುಂಬಿದ ಸದ್ದು ಕಾಲರ್ ಮೈಕಿಗೂ ಮರಳುತ್ತದೆ. ಮಾತು ಮಿಕ್ಸರಿಗೆ ಹೋಗಲಿ, ಸ್ಪೀಕರುಗಳು ಆರಿರಲಿ. ಎರಡನೆಯದು, ಬಳಸದ ಮೈಕುಗಳನ್ನು ಮುಚ್ಚುವುದು. ಪೋಡಿಯಂ ಮೈಕು, ಪ್ರಶ್ನೋತ್ತರದ ಮೈಕು ತೆರೆದೇ ಇದ್ದರೆ ಅವು ಹಿಡಿಯುವುದು ಬಹುಮಟ್ಟಿಗೆ ಅನುರಣನವನ್ನೇ. ಮೂರನೆಯದು ಫೋನು ಮತ್ತು ಕ್ಯಾಮೆರಾಗಳಲ್ಲಿರುವ ಸ್ವಯಂಚಾಲಿತ ಮಟ್ಟ. ಉಪನ್ಯಾಸಕರು ಮಾತು ನಿಲ್ಲಿಸಿದೊಡನೆ ಅದು ಸದ್ದು ಕಡಿಮೆಯಾಯಿತೆಂದು ತಿಳಿದು ಮಟ್ಟ ಏರಿಸುತ್ತದೆ, ಆಗ ಬಾಲದ ಗುಂಯ್‌ಗುಡುವಿಕೆ ದೊಡ್ಡದಾಗುತ್ತದೆ. ಕ್ಯಾಮೆರಾದಲ್ಲಿ ಮಟ್ಟವನ್ನು ಕೈಯಾರೆ ಹೊಂದಿಸಬೇಕು. ಪೋಡಿಯಂ ಮುಂದೆ ನಿಂತು ಮಾತನಾಡುವುದಾದರೆ ಅದರ ಮರದ ಹಲಗೆಯ ಮೇಲೆ ದಪ್ಪ ಟವೆಲ್ ಹಾಸುವುದು ಒಳ್ಳೆಯದು. ಹಲಗೆಗೆ ಬಡಿದು ಕ್ಷಣಾರ್ಧದಲ್ಲಿ ಮೈಕಿಗೆ ಬರುವ ದನಿ ಮಾತಿಗೆ ಡಬ್ಬದೊಳಗಿನ ನಾದ ಕೊಡುತ್ತದೆ. ಜಮಖಾನಗಳು ಇದ್ದದ್ದೇ ಆದರೆ ಅವನ್ನು ದೂರದ ಗೋಡೆಗಳಿಗೆ ಹಂಚುವುದಕ್ಕಿಂತ ಉಪನ್ಯಾಸಕರ ಹಿಂದೆ, ಅಕ್ಕಪಕ್ಕದಲ್ಲಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಳಿಬಿಡುವುದು ಲೇಸು.

ಇಷ್ಟಾದರೂ ಕಿವಿಯನ್ನು ನಂಬುವಂತಿಲ್ಲ. ಸಭಾಂಗಣದಲ್ಲಿ ಕುಳಿತವರಿಗೆ ಎರಡು ಕಿವಿಗಳಿವೆ. ದನಿ ಯಾವ ದಿಕ್ಕಿನಿಂದ ಬಂತೆಂದು ಗುರುತಿಸಿ, ಉಳಿದ ದಿಕ್ಕುಗಳಿಂದ ಬಂದ ಮರಳುದನಿಯನ್ನು ಮಿದುಳು ತನ್ನಷ್ಟಕ್ಕೆ ಹಿಂದೆ ಸರಿಸುತ್ತದೆ. ಒಂದೇ ಮೈಕಿನ ಧ್ವನಿಮುದ್ರಿಕೆಯಲ್ಲಿ ದಿಕ್ಕುಗಳೇ ಇಲ್ಲ, ಎಲ್ಲವೂ ಒಂದೇ ಕಡೆಯಿಂದ ಬಂದಂತಿರುತ್ತದೆ. ಸ್ಥಳದಲ್ಲಿ ಸಾಧಾರಣ ಅನಿಸಿದ್ದು ಮನೆಗೆ ಹೋಗಿ ಕೇಳಿದಾಗ ಅಸಹ್ಯವಾಗಿರುವುದು ಹೀಗೆ. ಆದ್ದರಿಂದ ಒಂದು ನಿಮಿಷ ಮುದ್ರಿಸಿ, ಅಲ್ಲೇ ಇಯರ್‌ಫೋನ್ ಹಾಕಿ ಕೇಳಬೇಕು. ವಾಕ್ಯ ಮುಗಿದ ತಕ್ಷಣದ ಮೌನದಲ್ಲಿ ಏನು ಉಳಿದಿದೆ ಎಂಬುದರ ಕಡೆ ಗಮನವಿಡಬೇಕು.

ಇನ್ನು ಮುದ್ರಣ ಆಗಿಹೋಗಿರುವ ಸಂದರ್ಭ. ಎಂಟು ಮೀಟರ್ ದೂರದ ಕ್ಯಾಮೆರಾದ ಧ್ವನಿ ಬಿಟ್ಟರೆ ಬೇರೆ ಗತಿಯಿಲ್ಲವೇ ಎಂದು ಮೊದಲು ಹುಡುಕಬೇಕು. ಮಿಕ್ಸರಿನಲ್ಲಿ ಉಳಿದ ಪ್ರತಿ, ಮೇಜಿನ ಮೇಲೆ ಯಾರೋ ಇಟ್ಟಿದ್ದ ಫೋನಿನ ಮುದ್ರಣ, ಯಾವುದಾದರೂ ಸಿಕ್ಕರೆ ಅದು ಎಲ್ಲ ಸಾಫ್ಟ್‌ವೇರಿಗಿಂತ ಮೇಲು. ಸಿಗದಿದ್ದರೆ ಮೂಲದ ಪ್ರತಿಯೊಂದನ್ನು ತೆಗೆದಿಟ್ಟು ಕೆಲಸ ಶುರುಮಾಡಬೇಕು. ದನಿ ಸಣ್ಣದಾಗಿದೆಯೆಂದು ಮೊದಲೇ ಕಂಪ್ರೆಸರ್ ಹಾಕುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಕಂಪ್ರೆಸರ್ ದೊಡ್ಡದನ್ನು ತಗ್ಗಿಸಿ ಸಣ್ಣದನ್ನು ಏರಿಸುತ್ತದೆ, ಅನುರಣನದ ಬಾಲವೇ ಆ ಸಣ್ಣದು. ಅದು ಕೊನೆಯ ಹಂತಕ್ಕೆ ಇರಲಿ.

ಮೊದಲ ಹೆಜ್ಜೆ ಸುಲಭ. ನೂರು ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಬೇಕು, 200ರಿಂದ 500 ಹರ್ಟ್ಸ್ ನಡುವೆ ಗುಂಯ್‌ಗುಡುವ ಭಾಗವನ್ನು ಹುಡುಕಿ ಮೂರು ನಾಲ್ಕು ಡೆಸಿಬಲ್ ಇಳಿಸಬೇಕು. ಇದರಿಂದ ಅನುರಣನ ಹೋಗುವುದಿಲ್ಲ, ಅದರ ಭಾರ ಇಳಿಯುತ್ತದೆ.

ಆಮೇಲೆ ಬಹಳ ಜನ ಕೈಹಾಕುವುದು ಗೇಟಿಗೆ. ಉಚಿತವಾಗಿ ಸಿಗುವ `Audacity`ಯಲ್ಲಿ ಇದರ ಹೆಸರು `Noise Gate`. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಅದು ಧ್ವನಿಯನ್ನು ಇನ್ನಷ್ಟು ಅದುಮುತ್ತದೆ. ಇದರ ಮಿತಿಯನ್ನು ಲೆಕ್ಕವೇ ಹೇಳುತ್ತದೆ. ಅನುರಣನ ಕಾಲ 4 ಸೆಕೆಂಡಾದರೆ ಬಾಲ ಸೆಕೆಂಡಿಗೆ 15 ಡೆಸಿಬಲ್‌ನಂತೆ ಇಳಿಯುತ್ತದೆ. ಎರಡು ಪದಗಳ ನಡುವಿನ ಬಿಡುವು ಸೆಕೆಂಡಿನ ಐದನೇ ಒಂದು ಭಾಗ ಎಂದರೆ ಅಷ್ಟರಲ್ಲಿ ಇಳಿಯುವುದು 3 ಡೆಸಿಬಲ್. ಮಾತು ಯಾವುದು, ಬಾಲ ಯಾವುದು ಎಂದು ಗೇಟಿಗೆ ಅಲ್ಲಿ ಗೊತ್ತಾಗುವುದಿಲ್ಲ. ವಾಕ್ಯ ಮುಗಿಸಿ ಉಪನ್ಯಾಸಕರು ಒಂದು ಸೆಕೆಂಡಿಗಿಂತ ಹೆಚ್ಚು ನಿಂತ ಕಡೆ ಮಾತ್ರ ಅದು ಕೆಲಸ ಮಾಡುತ್ತದೆ. ಅಲ್ಲೂ `Level reduction` ಅನ್ನು 8ರಿಂದ 10 ಡೆಸಿಬಲ್‌ಗೆ ಮಿತಗೊಳಿಸಿ, `Decay` ಅನ್ನು 200 ಮಿಲಿಸೆಕೆಂಡ್ ಅಥವಾ ಹೆಚ್ಚಿಗೆ ಇಡಬೇಕು. ಪೂರ್ತಿ ಮುಚ್ಚಿದರೆ ಮಾತಿನ ಹಿಂದೆ ಗುಂಯ್‌ಗುಡುವಿಕೆ, ನಿಂತೊಡನೆ ಸ್ಮಶಾನಮೌನ, ಮತ್ತೆ ಗುಂಯ್‌ಗುಡುವಿಕೆ. ಇದು ಮೂಲಕ್ಕಿಂತ ಹೆಚ್ಚು ಕಿರಿಕಿರಿ.

ವಾಕ್ಯದೊಳಗಿನ ಬಾಲವನ್ನು ಮುಟ್ಟಬಲ್ಲದ್ದು ಡಿ-ರಿವರ್ಬ್ ಎಂಬ ಸಾಧನ. ಅದು ಧ್ವನಿಯನ್ನು ಸೆಕೆಂಡಿನ ಸಣ್ಣ ಸಣ್ಣ ತುಣುಕುಗಳಾಗಿ, ಪ್ರತಿ ತುಣುಕನ್ನು ಹಲವು ಸ್ವರಪಟ್ಟಿಗಳಾಗಿ ಒಡೆಯುತ್ತದೆ. ಒಂದು ಪಟ್ಟಿಯಲ್ಲಿ ಕೆಲ ಹೊತ್ತಿನ ಹಿಂದೆ ಇಷ್ಟು ಶಕ್ತಿ ಇತ್ತು, ಈ ಸಭಾಂಗಣದ ಅನುರಣನ ಕಾಲ ಇಷ್ಟು, ಹಾಗಾದರೆ ಈಗ ಅದರ ಬಾಲವಾಗಿ ಎಷ್ಟು ಉಳಿದಿರಬೇಕು ಎಂದು ಅಂದಾಜಿಸಿ ಅಷ್ಟನ್ನು ಕಳೆಯುತ್ತದೆ. ಅನುರಣನವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಶುದ್ಧ ಮಾತನ್ನು ಪಡೆಯಲಾಗದೇ ಎಂದರೆ, ತಾತ್ವಿಕವಾಗಿ ದಾರಿಯಿದೆ, ಪ್ರಯೋಗದಲ್ಲಿ ಅದು ಕೈಗೂಡುವುದಿಲ್ಲ. ಬಾಯಿಂದ ಮೈಕಿಗೆ ದನಿ ಬಂದ ಎಲ್ಲ ದಾರಿಗಳೂ ನಿಖರವಾಗಿ ಗೊತ್ತಿರಬೇಕು, ಉಪನ್ಯಾಸಕರು ಒಂದು ಹೆಜ್ಜೆ ಸರಿದರೂ ಆ ದಾರಿಗಳೆಲ್ಲ ಬದಲಾಗುತ್ತವೆ. 2010ರ ಸುಮಾರಿಗೆ ಜಪಾನಿನ ಸಂಶೋಧಕರು ರೂಪಿಸಿದ `WPE` ಎಂಬ ವಿಧಾನ, ಹಿಂದಿನ ಧ್ವನಿಯಿಂದ ಬಾಲವನ್ನು ಮುನ್ನಂದಾಜಿಸಿ ಕಳೆಯುವುದರಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಹಲವು ಮೈಕುಗಳಲ್ಲಿ ಒಟ್ಟಿಗೆ ಮುದ್ರಿಸಿದ್ದಾಗ, ಮಾತನಾಡುವವರು ಒಂದೇ ಕಡೆ ನಿಂತಿದ್ದಾಗ ಅದರ ಬಲ ಹೆಚ್ಚು.

ಡಿ-ರಿವರ್ಬ್ ಬಳಸುವಾಗ ಅತಿಯಾಯಿತೇ ಎಂದು ತಿಳಿಯುವ ಉಪಾಯವೊಂದಿದೆ. ಹಲವು ಸಾಧನಗಳಲ್ಲಿ ತೆಗೆದುಹಾಕಿದ ಭಾಗವನ್ನು ಮಾತ್ರ ಕೇಳಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಕೇಳಿಸುವುದು ಅಸ್ಪಷ್ಟ ಗುಂಯ್‌ಗುಡುವಿಕೆಯಾಗಿದ್ದರೆ ಸರಿ. ಅದರಲ್ಲೇ ಪದಗಳು ಅರ್ಥವಾಗತೊಡಗಿದರೆ ಮಾತನ್ನೇ ಕೊರೆಯುತ್ತಿದ್ದೇವೆ ಎಂದು ಅರ್ಥ, ಪ್ರಮಾಣ ಇಳಿಸಬೇಕು. ಉಳಿದ ಧ್ವನಿಯಲ್ಲೂ ಲಕ್ಷಣಗಳು ಕಾಣುತ್ತವೆ. ಸಕಾರ ಶಕಾರಗಳು ನೀರಿನೊಳಗಿಂದ ಬಂದಂತೆ ಗುಳುಗುಳಿಸುತ್ತವೆ, ಪದಗಳ ಕೊನೆಯ ಸ್ವರ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುತ್ತವೆ, ವಿಭಕ್ತಿಯೂ ಕ್ರಿಯಾಪದದ ಕೊನೆಯೂ ಅಲ್ಲೇ ಇರುತ್ತದೆ. ಅದು ಹೋದರೆ ಯಾರು ಯಾರಿಗೆ ಏನು ಮಾಡಿದರು ಎಂಬುದೇ ಹೋಗುತ್ತದೆ. ಒಂದೇ ಸಲ ಬಲವಾಗಿ ಹಾಕುವುದಕ್ಕಿಂತ ಮೆಲ್ಲಗೆ ಎರಡು ಸಲ ಹಾಕುವುದು, ಸ್ವಲ್ಪ ಗುಂಯ್‌ಗುಡುವಿಕೆ ಉಳಿದರೂ ಬಿಡುವುದು ಉತ್ತಮ. ಕೊನೆಗೆ 2ರಿಂದ 4 ಸಾವಿರ ಹರ್ಟ್ಸ್ ನಡುವೆ ಒಂದೆರಡು ಡೆಸಿಬಲ್ ಏರಿಸಿದರೆ ವ್ಯಂಜನಗಳು ತಲೆಯೆತ್ತುತ್ತವೆ. ಆಮೇಲೆ ಬೇಕಿದ್ದರೆ ಹದವಾಗಿ ಕಂಪ್ರೆಸರ್.

ಮೂರು ಮೀಟರಿನೊಳಗೆ ಮುದ್ರಿಸಿದ ಉಪನ್ಯಾಸ ಇಷ್ಟರಿಂದ ಸಲೀಸಾಗಿ ಕೇಳುವಂತಾಗಬಹುದು. ಎಂಟು ಮೀಟರಿನದು ಆಗುವುದಿಲ್ಲ. ನೇರ ದನಿ ಅನುರಣನದ ಇಪ್ಪತ್ತೇಳನೇ ಒಂದು ಪಾಲಾಗಿರುವಲ್ಲಿ ಬಾಲವನ್ನು ಕಳೆಯುತ್ತ ಹೋದರೆ ಕೊನೆಗೆ ಮಾತೂ ಉಳಿಯುವುದಿಲ್ಲ. ಅಂಥ ಮುದ್ರಣಕ್ಕೆ ಹದವಾದ ಶುದ್ಧಿ ಮಾಡಿ ಅಡಿಬರಹ ಹಾಕಬೇಕು. ಉಪನ್ಯಾಸಕರು ಸಿಗುವಂತಿದ್ದರೆ ಮುಖ್ಯ ಭಾಗಗಳನ್ನು ಪುಸ್ತಕ, ಬಟ್ಟೆಬರೆ ತುಂಬಿದ ಚಿಕ್ಕ ಕೋಣೆಯಲ್ಲಿ ಕಾಲರ್ ಮೈಕಿಗೆ ಮತ್ತೆ ಓದಿಸುವುದೇ ಸರಿಯಾದ ದಾರಿ.